ಕೆರೆ ನುಂಗುವ ಹೂವು, ಹೂವು ತಿನ್ನುವ ಹುಳು

ಬೇಸಿಗೆಯಲ್ಲಿ ಕೆರೆಗೆ ಹಿಟಾಚಿ ಇಳಿಸಿ ಅಂತರಗಂಗೆಯನ್ನು ಎಳೆದು ಏರಿಯ ಮೇಲೆ ರಾಶಿ ಹಾಕುತ್ತಾರೆ. ನೀರು ಕಾಣಿಸುತ್ತದೆ, ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಮಳೆ ಬಿದ್ದು ಎರಡು ತಿಂಗಳು ಕಳೆಯುವುದರೊಳಗೆ ಅದೇ ಕೆರೆ ಮತ್ತೆ ದಡದಿಂದ ದಡಕ್ಕೆ ಹಸಿರು. ಗುತ್ತಿಗೆದಾರ ದುಡ್ಡು ತಿಂದ ಎಂದು ಊರು ಮಾತಾಡಿಕೊಳ್ಳುತ್ತದೆ. ತಿಂದಿರಲೂಬಹುದು. ಆದರೆ ಅವನು ಪೂರ್ತಿ ಪ್ರಾಮಾಣಿಕನಾಗಿ ನೂರಕ್ಕೆ ತೊಂಬತ್ತೈದು ಭಾಗ ತೆಗೆದಿದ್ದರೂ ಆಗುವುದು ಇದೇ.

ಲೆಕ್ಕ ಹಾಕಿ ನೋಡೋಣ. ಇಪ್ಪತ್ತೈದು ಎಕರೆಯ ಕೆರೆ, ತುಂಬ ಅಂತರಗಂಗೆ. ತೊಂಬತ್ತೈದು ಭಾಗ ತೆಗೆದ ಮೇಲೆ ಮೂಲೆ ಮುಡುಕಿನಲ್ಲಿ, ಜೊಂಡಿನ ಸಂದಿಯಲ್ಲಿ ಒಂದೂಕಾಲು ಎಕರೆಯಷ್ಟು ಉಳಿದಿರುತ್ತದೆ. ನಮ್ಮ ಬಿಸಿಲಿಗೆ, ಚರಂಡಿಯ ಸಾರ ಬೆರೆತ ನೀರಿಗೆ ಈ ಗಿಡ ಒಂದರಿಂದ ಎರಡು ವಾರಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹತ್ತು ದಿನ ಎಂದಿಟ್ಟುಕೊಳ್ಳಿ. ಹತ್ತನೇ ದಿನಕ್ಕೆ ಎರಡೂವರೆ ಎಕರೆ, ಇಪ್ಪತ್ತಕ್ಕೆ ಐದು, ಮೂವತ್ತಕ್ಕೆ ಹತ್ತು, ನಲವತ್ತಕ್ಕೆ ಇಪ್ಪತ್ತು. ಇನ್ನು ಮೂರ್ನಾಲ್ಕು ದಿನ ಕಳೆದರೆ ಕೆರೆ ಮುಚ್ಚಿತು. ಹತ್ತು ಎಕರೆ ಇದ್ದಾಗ ‘ಅರ್ಧಕ್ಕಿಂತ ಹೆಚ್ಚು ನೀರು ಚೊಕ್ಕವಾಗಿದೆ, ಮುಂದಿನ ತಿಂಗಳು ನೋಡೋಣ’ ಎನ್ನುವ ಅಧಿಕಾರಿಗೆ ಮುಂದಿನ ತಿಂಗಳು ನೋಡಲು ನೀರೇ ಇರುವುದಿಲ್ಲ.

ಒಂದು ಗಿಡ ಕಿತ್ತು ಕೈಯಲ್ಲಿ ಹಿಡಿದರೆ ಈ ವೇಗದ ಗುಟ್ಟು ಅರ್ಧ ತಿಳಿಯುತ್ತದೆ. ಎಲೆಯ ತೊಟ್ಟು ಬುಡದ ಹತ್ತಿರ ಬಲೂನಿನ ಹಾಗೆ ಊದಿಕೊಂಡಿರುತ್ತದೆ. ಚಾಕುವಿನಿಂದ ಸೀಳಿದರೆ ಒಳಗೆಲ್ಲ ಗಾಳಿಗೂಡು, ಗಿಡ ತೇಲುವುದು ಅದರಿಂದ. ಕೆಳಗೆ ಕಪ್ಪು ನೇರಳೆ ಬಣ್ಣದ ಬೇರಿನ ಕುಚ್ಚು ನೀರಿನಲ್ಲಿ ಇಳಿಬಿದ್ದಿರುತ್ತದೆ. ಮಣ್ಣಿಗೆ ತಾಗಬೇಕೆಂದಿಲ್ಲ, ನೀರಿನಲ್ಲಿ ಕರಗಿದ್ದನ್ನೇ ಹೀರುತ್ತದೆ. ಬುಡದಿಂದ ಅಡ್ಡಡ್ಡ ಒಂದು ಬಳ್ಳಿ ಹೊರಟು ಅದರ ತುದಿಯಲ್ಲಿ ಮರಿಗಿಡ. ಆ ಮರಿಗೆ ಬೇರು ಬಂದ ಕೆಲವೇ ದಿನಗಳಲ್ಲಿ ಅದೂ ಬಳ್ಳಿ ಬಿಡುತ್ತದೆ. ಬಳ್ಳಿ ತುಂಡಾದರೆ ಗಿಡಕ್ಕೆ ನಷ್ಟವಿಲ್ಲ, ಒಂದಿದ್ದುದು ಎರಡು ಕಡೆ ತೇಲಿಹೋಗಿ ಎರಡು ಸಂಸಾರ ಹೂಡುತ್ತದೆ. ಯಂತ್ರದಿಂದ ಕತ್ತರಿಸಿ ತುಂಡುಗಳನ್ನು ನೀರಿನಲ್ಲೇ ಬಿಟ್ಟರೆ ನಾವೇ ಸಸಿ ನೆಟ್ಟ ಹಾಗೆ. ಎಲೆ ಮಾತ್ರ ಕೊಳೆಯುತ್ತದೆ, ಬುಡದ ದಪ್ಪ ಕಾಂಡ ಉಳಿದರೆ ಚಿಗುರುತ್ತದೆ.

ಇಷ್ಟು ಸಾಲದೆಂಬಂತೆ ಬೀಜವೂ ಇದೆ. ತಿಳಿನೇರಳೆ ಹೂಗೊಂಚಲು, ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನಂಥ ಹಳದಿ ಚುಕ್ಕೆ. ಹೂ ಬಾಡಿದ ಮೇಲೆ ದಂಟು ಬಾಗಿ ನೀರಿಗೆ ಮುಖ ಮಾಡುತ್ತದೆ, ಕಾಯಿ ಒಡೆದು ಬೀಜ ಕೆಸರಿಗಿಳಿಯುತ್ತದೆ. ಅಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದು ಮಲಗಿರಬಲ್ಲದು. ನೀರು ಇಳಿದು ಕೆಸರಿಗೆ ಬಿಸಿಲು ಬಿದ್ದು, ಮತ್ತೆ ತೆಳ್ಳಗೆ ನೀರು ನಿಂತಾಗ ಅದು ಏಳುತ್ತದೆ. ಬೇಸಿಗೆಯಲ್ಲಿ ಬತ್ತಿ ಮಳೆಗೆ ತುಂಬುವ ನಮ್ಮ ಬಯಲುಸೀಮೆಯ ಕೆರೆಗಿಂತ ಒಳ್ಳೆಯ ಪಾತಿ ಅದಕ್ಕೆ ಎಲ್ಲಿ ಸಿಕ್ಕೀತು? ‘ಕೆರೆ ಒಣಗಿತು, ಅಂತರಗಂಗೆ ಸತ್ತಿತು’ ಎಂಬ ನೆಮ್ಮದಿ ಮೊದಲ ಮುಂಗಾರಿನವರೆಗೆ ಮಾತ್ರ.

ಈ ಗಿಡದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಅಲ್ಲಿ ಅದೊಂದು ಸಾಧಾರಣ ಜಲಸಸ್ಯ, ಯಾರ ತಂಟೆಗೂ ಹೋಗದು. ಹೂವಿನ ಆಸೆಗೆ ಜನ ಅದನ್ನು ಕೊಳದ ಅಲಂಕಾರಕ್ಕೆಂದು ಊರೂರಿಗೆ ಒಯ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂತು. ಕೆಲವೇ ದಶಕಗಳಲ್ಲಿ ಅಲ್ಲಿನ ಹೊಳೆಗಳಲ್ಲಿ ದೋಣಿ ನಡೆಯದಂತಾಗಿ, ಭತ್ತದ ಗದ್ದೆಗಳಿಗೆ ನುಗ್ಗಿ, 1921ರಲ್ಲಿ ಸರ್ಕಾರ ಒಂದು ಸಮಿತಿಯನ್ನೇ ಮಾಡಬೇಕಾಯಿತು. ಅದರ ಅಧ್ಯಕ್ಷರು ವಿಜ್ಞಾನಿ ಜಗದೀಶಚಂದ್ರ ಬೋಸ್. 1936ರಲ್ಲಿ ಈ ಒಂದು ಗಿಡಕ್ಕಾಗಿಯೇ ಬಂಗಾಳದಲ್ಲಿ ಕಾಯ್ದೆ ಬಂತು, ತನ್ನ ಜಾಗದಲ್ಲಿ ಬೆಳೆದದ್ದನ್ನು ಕೀಳುವುದು ಮಾಲೀಕನ ಹೊಣೆಯಾಯಿತು. ಐರೋಪ್ಯ ಒಕ್ಕೂಟ 2016ರಲ್ಲಿ ಇದರ ಮಾರಾಟ, ಸಾಗಣೆಯನ್ನೇ ನಿಷೇಧಿಸಿತು. ನಮ್ಮಲ್ಲಿ ಮಾತ್ರ ಇವತ್ತಿಗೂ ನರ್ಸರಿಯಲ್ಲಿ ಮಣ್ಣಿನ ತೊಟ್ಟಿಯೊಳಗೆ ಇಟ್ಟು ಮಾರುತ್ತಾರೆ. ತೊಟ್ಟಿ ತುಂಬಿ ಬೇಸರವಾದಾಗ ಜನ ಅದನ್ನು ಎಸೆಯುವುದು ಎಲ್ಲಿಗೆ ಎಂದು ಹೇಳಬೇಕಾಗಿಲ್ಲ.

ಹೊರಗಿನಿಂದ ಬಂದದ್ದೆಲ್ಲ ಕೇಡೆಂದಲ್ಲ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಬಂದದ್ದೂ ಅಮೆರಿಕ ಖಂಡಗಳಿಂದಲೇ. ಅವು ನಮ್ಮ ಹೊಲ ದಾಟಿ ಕಾಡು ಕೆರೆಗಳನ್ನು ಆಕ್ರಮಿಸಲಿಲ್ಲ. ಕೆಲವು ಮಾತ್ರ ಹಾಗೆ ದಾಟುತ್ತವೆ: ಬಂಡೀಪುರದ ಲಂಟಾನ, ಬೀಳುಭೂಮಿಯ ಪಾರ್ಥೇನಿಯಂ, ಕೆರೆಯ ಅಂತರಗಂಗೆ. ಇವುಗಳಲ್ಲಿ ಒಂದು ಸಾಮ್ಯವಿದೆ. ತವರಿನಲ್ಲಿ ಇವನ್ನು ತಿನ್ನುತ್ತಿದ್ದ ಹುಳ, ರೋಗ ಯಾವುದೂ ಜತೆಗೆ ಹಡಗು ಹತ್ತಲಿಲ್ಲ. ಗಿಡ ಒಂಟಿಯಾಗಿ ಬಂತು, ಶತ್ರು ಅಲ್ಲೇ ಉಳಿಯಿತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಊರಿಂದ ಊರಿಗೆ ಹರಡುವುದಕ್ಕೆ ನಮ್ಮ ಕೆರೆಗಳ ಕಟ್ಟಡವೇ ದಾರಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಮತ್ತೊಂದಕ್ಕೆ. ಹಿರಿಯರು ಒಂದು ಹನಿಯೂ ಪೋಲಾಗದಂತೆ ಪೋಣಿಸಿದ ಈ ಸರಪಳಿಯಲ್ಲಿ ಒಂದು ಕೋಡಿ ಸಾವಿರಾರು ಗಿಡಗಳನ್ನು ಕೆಳಕ್ಕೆ ದಾಟಿಸಿಬಿಡುತ್ತದೆ. ಆದ್ದರಿಂದ ಮೇಲಿನ ಕೆರೆ ಬಿಟ್ಟು ಕೆಳಗಿನದನ್ನು ಮೊದಲು ಚೊಕ್ಕ ಮಾಡುವುದು ವ್ಯರ್ಥ ಖರ್ಚು. ಮೇಲಿನ ಕೆರೆ ಒಂದು ಪಂಚಾಯಿತಿಯದು, ಕೆಳಗಿನದು ಇನ್ನೊಂದರದು ಆಗಿರುವುದರಿಂದ ಅದೇ ವ್ಯರ್ಥ ಖರ್ಚು ಪದೇ ಪದೇ ಆಗುತ್ತದೆ. ಸರಪಳಿಯಲ್ಲಿ ಇಲ್ಲದ ಕೆರೆಗೆ ಬರುವುದು ಬಲೆಯಲ್ಲಿ ಸಿಕ್ಕಿಕೊಂಡು, ತೆಪ್ಪದ ತಳಕ್ಕೆ ಅಂಟಿಕೊಂಡು, ಹಿಂದಿನ ದಿನ ಬೇರೆ ಕೆರೆಯಲ್ಲಿ ಕೆಲಸ ಮಾಡಿದ ಯಂತ್ರದ ಬಕೆಟ್ಟಿನ ಕೆಸರಿನಲ್ಲಿ. ಯಂತ್ರವನ್ನು ಕೆರೆಗಿಳಿಸುವ ಮೊದಲು ತೊಳೆಯಬೇಕೆಂದು ಟೆಂಡರಿನಲ್ಲಿ ಒಂದು ಸಾಲು ಬರೆಯುವುದು ಅಷ್ಟೇನೂ ಕಷ್ಟದ್ದಲ್ಲ.

ಹಸಿರು ತಾನೆ, ಇದ್ದರೇನು ಎನ್ನುವವರೂ ಇದ್ದಾರೆ. ಆ ಹಸಿರಿನ ಕೆಳಗೆ ಏನಾಗುತ್ತದೆ ನೋಡಿ. ಕೆರೆಯ ನೀರಿಗೆ ಆಮ್ಲಜನಕ ಬರುವುದು ಎರಡು ಕಡೆಯಿಂದ: ಗಾಳಿ ಅಲೆ ಎಬ್ಬಿಸಿದಾಗ ಮೇಲಿನಿಂದ, ಮತ್ತು ನೀರೊಳಗಿನ ಪಾಚಿ, ಸಸ್ಯಗಳು ಬೆಳಕು ಕುಡಿದು ಬಿಡುಗಡೆ ಮಾಡಿದಾಗ ಒಳಗಿನಿಂದ. ದಟ್ಟ ಚಾಪೆ ಎರಡನ್ನೂ ತಡೆಯುತ್ತದೆ. ಅಂತರಗಂಗೆಯೂ ಆಮ್ಲಜನಕ ತಯಾರಿಸುತ್ತದೆ, ಆದರೆ ಅದರ ಎಲೆ ಇರುವುದು ನೀರಿನ ಮೇಲೆ. ಬಹುಪಾಲು ಗಾಳಿಗೆ ಹೋಗುತ್ತದೆ. ಇತ್ತ ಹಳೆಯ ಎಲೆ, ಬೇರು ದಿನವೂ ಉದುರಿ ತಳದಲ್ಲಿ ಕೊಳೆಯುತ್ತ ಇದ್ದಬದ್ದ ಆಮ್ಲಜನಕವನ್ನೂ ತಿನ್ನುತ್ತದೆ. ಮೊದಲು ಹೋಗುವುದು ಕಾಟ್ಲಾ, ರೋಹು. ಮೇಲೆ ಬಂದು ಗಾಳಿ ನುಂಗಿ ಬದುಕಬಲ್ಲ ಕೊರವ, ಕ್ಯಾಟ್‌ಫಿಷ್ ಉಳಿಯುತ್ತವೆ. ಕೆರೆಯ ಮೀನು ಹರಾಜು ಹಿಡಿದವರಿಗೆ ಯಾವ ಪ್ರಯೋಗಾಲಯದ ವರದಿಯೂ ಬೇಡ; ಬಲೆಯಲ್ಲಿ ಕಾಟ್ಲಾ ಕಡಿಮೆಯಾಗಿ ಬರೀ ಕ್ಯಾಟ್‌ಫಿಷ್ ಬರತೊಡಗಿತೆಂದರೆ ಅವರಿಗೆ ಅರ್ಥವಾಗುತ್ತದೆ. ನಾತ ಬರತೊಡಗುವುದು ಅದರ ಮುಂದಿನ ಹಂತ.

ಉದುರಿದ್ದೆಲ್ಲ ತಳದಲ್ಲಿ ಸೇರಿ ಹೂಳಾಗುತ್ತದೆ, ಕೆರೆಯ ಆಳ ತಗ್ಗುತ್ತದೆ. ತೂಬಿಗೆ ಗಿಡ ಕಟ್ಟಿಕೊಂಡು ಅಚ್ಚುಕಟ್ಟಿಗೆ ನೀರು ಹೋಗುವುದಿಲ್ಲ, ಕೋಡಿಗೆ ಕಟ್ಟಿಕೊಂಡರೆ ಏರಿಗೇ ಅಪಾಯ. ಬೇರಿನ ಕುಚ್ಚಿನಲ್ಲಿ ಸೊಳ್ಳೆ ಬೆಳೆಯುತ್ತದೆ. ಮ್ಯಾನ್ಸೋನಿಯಾ ಎಂಬ ಸೊಳ್ಳೆಯ ಮರಿ ಉಸಿರಾಡಲು ನೀರಿನ ಮೇಲಕ್ಕೂ ಬರುವುದಿಲ್ಲ, ಇಂಥ ತೇಲುಗಿಡಗಳ ಬೇರಿಗೆ ಕೊಳವೆ ಚುಚ್ಚಿ ಅಲ್ಲಿನ ಗಾಳಿಯನ್ನೇ ಹೀರುತ್ತದೆ. ಕೇರಳದಲ್ಲಿ ಆನೆಕಾಲು ರೋಗ ಹರಡಿದ ಸೊಳ್ಳೆಗಳಲ್ಲಿ ಇದೂ ಒಂದು.

ತೆಗೆಯುವ ಮಾತಿಗೆ ಬರೋಣ. ನಮ್ಮ ಇಪ್ಪತ್ತೈದು ಎಕರೆ ಎಂದರೆ ಹತ್ತು ಹೆಕ್ಟೇರ್. ದಟ್ಟವಾಗಿ ಬೆಳೆದಲ್ಲಿ ಒಂದು ಚದರ ಮೀಟರಿಗೆ ಇಪ್ಪತ್ತೈದು ಕಿಲೊ ಹಸಿ ತೂಕ ಎಂದು ಹಿಡಿದರೂ ಒಟ್ಟು 2500 ಟನ್. ಅದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು. ಅಂದರೆ 125 ಟನ್ ಒಣ ಪದಾರ್ಥಕ್ಕಾಗಿ 2375 ಟನ್ ಕೆರೆನೀರನ್ನು ಲಾರಿಯಲ್ಲಿ ಹೊರುತ್ತೇವೆ. ಮೈತುಂಬ ಗಾಳಿ ಇರುವ ಗಿಡವಾದ್ದರಿಂದ ಟಿಪ್ಪರ್ ತೂಕಕ್ಕಿಂತ ಮೊದಲೇ ಗಾತ್ರದಲ್ಲಿ ತುಂಬಿಬಿಡುತ್ತದೆ. ಲೋಡಿಗೆ ಐದು ಟನ್ ಹಿಡಿದರೆ ಐನೂರು ಲೋಡು. ಇದರಿಂದ ಗೊಬ್ಬರ, ಬಯೋಗ್ಯಾಸ್, ಬುಟ್ಟಿ ಮಾಡಬಹುದು, ಮಾಡುವವರೂ ಇದ್ದಾರೆ. ಆದರೆ ಈ ಸಾಗಣೆಯ ಲೆಕ್ಕ ದಾಟಿ ನಿಲ್ಲುವ ಉದ್ಯಮ ಕಷ್ಟ. ಕಾರ್ಖಾನೆ ನೀರು ಸೇರುವ ಕೆರೆಯದಾದರೆ ಅದು ಸೀಸ, ಕ್ಯಾಡ್ಮಿಯಂ ಹೀರಿಕೊಂಡಿರುತ್ತದೆ. ಆ ಗೊಬ್ಬರವನ್ನು ಪರೀಕ್ಷೆ ಮಾಡಿಸದೆ ಸೊಪ್ಪು ತರಕಾರಿಗೆ ಹಾಕಬಾರದು.

ಐನೂರು ಲೋಡಿನ ಬಾಡಿಗೆ ಉಳಿಸಲು ಸಾಮಾನ್ಯವಾಗಿ ಮಾಡುವುದೇನೆಂದರೆ ಏರಿಯ ಪಕ್ಕದಲ್ಲೇ, ನೀರಿನಂಚಿಗೆ ರಾಶಿ ಹಾಕುವುದು. ಅದು ಕೊಳೆತು ರಸ ಮತ್ತೆ ಕೆರೆಗೆ ಇಳಿಯುತ್ತದೆ, ತಳದಲ್ಲಿ ತೇವ ಇರುವ ಗಿಡಗಳು ಚಿಗುರುತ್ತವೆ. ಹೊರತೆಗೆದ ಕಳೆಯನ್ನು ಜಲಾನಯನದ ಆಚೆಗೆ ಸಾಗಿಸದಿದ್ದರೆ ಕೆಲಸ ಅರ್ಧಕ್ಕೇ ನಿಂತಂತೆ.

ಕಳೆನಾಶಕ ಸಿಂಪಡಿಸಿದರೆ? ಸಾಯುತ್ತದೆ. 2,4-ಡಿ, ಗ್ಲೈಫೋಸೇಟ್ ಎರಡಕ್ಕೂ ಬಗ್ಗುತ್ತದೆ, ಖರ್ಚೂ ಕಡಿಮೆ. ಆದರೆ ಸತ್ತ ಆ 2500 ಟನ್ ಎಲ್ಲೂ ಹೋಗುವುದಿಲ್ಲ, ಒಟ್ಟಿಗೆ ಮುಳುಗಿ ಕೆಲವೇ ವಾರಗಳಲ್ಲಿ ಕೊಳೆಯುತ್ತದೆ, ಉಳಿದಿದ್ದ ಮೀನೂ ಸಾಯುತ್ತದೆ. ದನ ನೀರು ಕುಡಿಯುವ, ತೂಬಿನಿಂದ ಗದ್ದೆಗೆ ಹರಿಯುವ, ಪಕ್ಕದ ಬೋರ್‌ವೆಲ್‌ಗೆ ಇಂಗುವ ಕೆರೆಗೆ ವಿಷ ಹೊಡೆಯುವುದು ನನ್ನ ಮಟ್ಟಿಗೆ ಪರಿಗಣಿಸಬೇಕಾದ ದಾರಿಯೇ ಅಲ್ಲ.

ಈಗ ತವರಿನಲ್ಲಿ ಉಳಿದುಹೋದ ಶತ್ರುವಿನ ಕತೆ. ಅರ್ಜೆಂಟೀನಾದ ಕಡೆ ಈ ಗಿಡವನ್ನಷ್ಟೇ ತಿಂದು ಬದುಕುವ ಎರಡು ಜಾತಿಯ ಮೂತಿಹುಳುಗಳಿವೆ, ನಿಯೋಕೆಟಿನಾ ಎಂಬ ಕುಲದವು. ಅಮೆರಿಕದ ಫ್ಲಾರಿಡಾದಲ್ಲಿ 1970ರ ದಶಕದ ಮೊದಲಲ್ಲಿ ಅವನ್ನು ಬಿಟ್ಟು ನೋಡಿದರು. 1980ರ ದಶಕದ ಆರಂಭದಲ್ಲಿ ಅವು ಭಾರತಕ್ಕೆ ಬಂದಿಳಿದದ್ದು ಬೆಂಗಳೂರಿಗೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೆ. ಪಿ. ಜಯಂತ್ ಮತ್ತು ಸಂಗಡಿಗರು ಅವನ್ನು ಬಂದೋಬಸ್ತಿನಲ್ಲಿಟ್ಟು ನಮ್ಮ ಬೆಳೆ, ಸಸ್ಯಗಳನ್ನು ಒಂದೊಂದಾಗಿ ಮುಂದಿಟ್ಟು ಪರೀಕ್ಷಿಸಿದರು. ಹಸಿವಿನಿಂದ ಸಾಯುವ ಸ್ಥಿತಿ ಬಂದರೂ ಇದು ಬೇರೆ ಬೆಳೆಯ ಮೇಲೆ ಸಂಸಾರ ಹೂಡದು ಎಂದು ಖಾತ್ರಿಯಾದ ಮೇಲೆಯೇ ಬೆಂಗಳೂರಿನ ಸುತ್ತಲಿನ ಕೆರೆಗಳಿಗೆ ಬಿಟ್ಟರು. ಮೂರು ವರ್ಷದೊಳಗೆ ಕೆರೆಯ ಬಹುಪಾಲು ಕಳೆ ಕುಸಿದದ್ದು ವೈಜ್ಞಾನಿಕ ಪತ್ರಿಕೆಗಳಲ್ಲಿ ದಾಖಲಾಗಿದೆ. ಇಲ್ಲಿಂದಲೇ ಹುಳುಗಳು ಬೇರೆ ರಾಜ್ಯಗಳಿಗೂ ಹೋದವು.

ಹುಳು ಬೂದುಗಂದು, ಅಕ್ಕಿಕಾಳಿಗಿಂತ ಚಿಕ್ಕದು, ನಾಲ್ಕೈದು ಮಿಲಿಮೀಟರ್. ಹಗಲಿನಲ್ಲಿ ಗಿಡದ ನಡುವಿನ ಸುರುಳಿ ಎಲೆಯೊಳಗೆ ಅಡಗಿರುತ್ತದೆ, ರಾತ್ರಿ ಮೇಯುತ್ತದೆ. ಅದು ಮೇಯ್ದಲ್ಲಿ ಎಲೆಯ ಹಸಿರು ಪದರ ಹೋಗಿ ಎರಡು ಮೂರು ಮಿಲಿಮೀಟರಿನ ಕಂದು ಕಲೆ ಉಳಿಯುತ್ತದೆ. ನಿಮ್ಮೂರ ಕೆರೆಯಲ್ಲಿ ಹುಳು ಇದೆಯೇ ಎಂದು ತಿಳಿಯಲು ಎಳೆಯ ಎಲೆಗಳ ಮೇಲೆ ಆ ಕಲೆ ಹುಡುಕಿದರೆ ಸಾಕು. ನಿಜವಾದ ಹೊಡೆತ ಕೊಡುವುದು ಮರಿ. ತಾಯಿ ತೊಟ್ಟಿನೊಳಗೆ ಮೊಟ್ಟೆ ಇಡುತ್ತದೆ, ಮರಿ ತೊಟ್ಟನ್ನು ಕೊರೆಯುತ್ತ ಬುಡಕ್ಕಿಳಿದು ಚಿಗುರುವ ಜಾಗವನ್ನೇ ತಿನ್ನುತ್ತದೆ. ಕೊರೆದ ಸುರಂಗಕ್ಕೆ ನೀರು ನುಗ್ಗಿ ತೊಟ್ಟು ಕೊಳೆಯುತ್ತದೆ, ಗಿಡ ಗಿಡ್ಡವಾಗುತ್ತದೆ, ಹೂ ಕಡಿಮೆಯಾಗುತ್ತದೆ, ಚಾಪೆ ನೀರಿನಲ್ಲಿ ತಗ್ಗಿ ಕೊನೆಗೆ ಮುಳುಗುತ್ತದೆ. ಬೆಳೆದ ಮರಿ ನೀರೊಳಗೆ ಬೇರಿನ ಎಳೆಗಳಿಂದಲೇ ಗೂಡು ಕಟ್ಟಿ ಕೋಶವಾಗುತ್ತದೆ. ಒಂದು ತಲೆಮಾರಿಗೆ ಸುಮಾರು ಮೂರು ತಿಂಗಳು.

ಹಾಗಿದ್ದರೆ ನಾಲ್ಕು ದಶಕದ ನಂತರವೂ ಬೆಂಗಳೂರಿನ ಕೆರೆಗಳಲ್ಲಿ ಅಂತರಗಂಗೆ ಏಕಿದೆ? ಹುಳುವಿನ ತಪ್ಪಲ್ಲ. ಅದರ ತಲೆಮಾರಿಗೆ ಮೂರು ತಿಂಗಳು, ಗಿಡದ ಇಮ್ಮಡಿಗೆ ಹತ್ತು ದಿನ. ನೀರಿನಲ್ಲಿ ಸಾರ ಮಿತವಾಗಿದ್ದಾಗ ಗಿಡ ಒಂದು ಎಲೆ ಕಳೆದುಕೊಂಡರೆ ಹೊಸದು ಬರುವುದು ನಿಧಾನ, ಹುಳು ಗೆಲ್ಲುತ್ತದೆ. ಚರಂಡಿ ನೀರಿನಲ್ಲಿ ತಿಂದದ್ದಕ್ಕಿಂತ ಬೇಗ ಚಿಗುರುತ್ತದೆ. ಜತೆಗೆ ಕೆರೆ ಬತ್ತಿದಾಗ ಗಿಡವೂ ಹುಳುವೂ ಸಾಯುತ್ತವೆ, ಆದರೆ ಬೀಜ ಉಳಿಯುತ್ತದೆ. ಮಳೆಗೆ ಗಿಡ ಮರಳುತ್ತದೆ, ಹುಳು ಮರಳುವುದಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ನಾವೇ ಮಾಡುವುದು. ಎರಡು ವರ್ಷ ಹುಳು ಕೂಡಿಕೊಂಡು ಗಿಡ ಬಡಕಲಾಗುವ ಹೊತ್ತಿಗೆ ಯಂತ್ರ ಬಂದು ಗಿಡವನ್ನೂ ಅದರಲ್ಲಿನ ಹುಳುವನ್ನೂ ಒಟ್ಟಿಗೆ ಟಿಪ್ಪರಿಗೆ ತುಂಬುತ್ತದೆ. ಮೂಲೆಯಲ್ಲಿ ಉಳಿದ ಗಿಡ ಹೊಸದಾಗಿ, ಶತ್ರುವಿಲ್ಲದೆ ಶುರು ಮಾಡುತ್ತದೆ.

ಆಫ್ರಿಕದ ವಿಕ್ಟೋರಿಯಾ ಸರೋವರದಲ್ಲಿ ಇದೇ ಹುಳು 1990ರ ದಶಕದ ಕೊನೆಗೆ ಸಾವಿರಾರು ಹೆಕ್ಟೇರ್ ಕಳೆಯನ್ನು ಬಗ್ಗಿಸಿತು. ಆಗ ಎಲ್ ನಿನೊ ಮಳೆಯ ಮೋಡ, ದೊಡ್ಡ ಅಲೆ ಕೂಡ ನೆರವಿಗಿದ್ದವು. ಕೊಳಕು ಮಾತ್ರ ಹರಿಯುತ್ತಲೇ ಇತ್ತು; ಕೀನ್ಯಾದ ಕಿಸುಮು ಬಳಿಯ ಕೊಲ್ಲಿಯಲ್ಲಿ ಕಳೆ ಮತ್ತೆ ಮತ್ತೆ ಎದ್ದಿತು.

ಅಲ್ಲಿಗೆ ಪ್ರಶ್ನೆ ಗಿಡದಿಂದ ನೀರಿಗೆ ಬಂದು ನಿಲ್ಲುತ್ತದೆ. ನಮ್ಮ ಕೆರೆಯ 125 ಟನ್ ಒಣ ಕಳೆಯಲ್ಲಿ ನೂರಕ್ಕೆ ಎರಡರಂತೆ ಎರಡೂವರೆ ಟನ್ ಸಾರಜನಕ ಇರುತ್ತದೆ. ಒಬ್ಬ ಮನುಷ್ಯನಿಂದ ವರ್ಷಕ್ಕೆ ಸುಮಾರು ಮೂರು ಕಿಲೊ ಸಾರಜನಕ ಚರಂಡಿಗೆ ಹೋಗುತ್ತದೆ ಎಂದು ಹಿಡಿದರೆ ಎಂಟುನೂರು ಜನರ ಒಂದು ಪುಟ್ಟ ಬಡಾವಣೆ ಸಾಕು, ಕೆರೆ ತುಂಬ ಕಳೆಗೆ ವರ್ಷದ ಊಟ ಸಿದ್ಧ. ವೃಷಭಾವತಿಯ ನೀರು ಹರಿದು ಸೇರುವ ಬೈರಮಂಗಲ ಕೆರೆಯ ಹಿಂದಿರುವುದು ಎಂಟುನೂರಲ್ಲ, ಲಕ್ಷಗಟ್ಟಲೆ ಜನ.

‘ಈಗ ಎಸ್‌ಟಿಪಿ ಹಾಕಿದ್ದಾರೆ, ಸಂಸ್ಕರಿಸಿದ ನೀರೇ ಬರುತ್ತದೆ’ ಎಂಬ ಉತ್ತರ ಕೇಳಿರುತ್ತೀರಿ. ಸಾಮಾನ್ಯ ಎಸ್‌ಟಿಪಿ ನೀರಿನ ಕೊಳಕು, ವಾಸನೆ ತೆಗೆಯುತ್ತದೆ. ಕರಗಿದ ಸಾರಜನಕ, ರಂಜಕದ ದೊಡ್ಡ ಪಾಲು ಹಾಗೇ ಉಳಿಯುತ್ತದೆ. ನೋಡಲು ತಿಳಿ, ಗಿಡಕ್ಕೆ ಗೊಬ್ಬರ. ಅದಕ್ಕೇ ಜಕ್ಕೂರು ಕೆರೆಯಲ್ಲಿ ಎಸ್‌ಟಿಪಿಯಿಂದ ಬಂದ ನೀರನ್ನು ನೇರ ಕೆರೆಗೆ ಬಿಡದೆ, ಮೊದಲು ಜೊಂಡು ಬೆಳೆದ ತೆಳ್ಳನೆಯ ಜೌಗು ಪ್ರದೇಶದ ಮೂಲಕ ಹಾಯಿಸುವ ವ್ಯವಸ್ಥೆ ಮಾಡಿದ್ದಾರೆ. ಅಲ್ಲಿನ ಸಸ್ಯಗಳು ಸಾರ ಹೀರಿಕೊಂಡ ನಂತರವೇ ನೀರು ಕೆರೆಗೆ ಸೇರುತ್ತದೆ. ಆದರೆ ಆ ಸಸ್ಯಗಳನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕಬೇಕು, ಇಲ್ಲದಿದ್ದರೆ ಹೀರಿದ್ದನ್ನು ಕೊಳೆತು ವಾಪಸು ಕೊಡುತ್ತವೆ.

ಚರಂಡಿ ತಿರುಗಿಸುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಯಂತ್ರ ಇಳಿಸಲಿ, ಮೇಲಿನ ಕೆರೆಯಿಂದ ಶುರು ಮಾಡಲಿ. ಕೆರೆಯಂಚಿನಲ್ಲಿ ಹುಳು ಹೆಚ್ಚಿರುವ ಜಾಗವನ್ನು ಗುರುತಿಸಿ, ತೇಲುವ ಡ್ರಮ್ಮು, ಹಗ್ಗ ಕಟ್ಟಿ ಬೇಲಿ ಮಾಡಿ ಅಷ್ಟು ಗಿಡವನ್ನು ಬೇಕೆಂದೇ ಉಳಿಸಲಿ. ಮತ್ತೆ ಕಳೆ ಎದ್ದಾಗ ಹುಳು ಹೊರಡುವುದು ಅಲ್ಲಿಂದ. ಹುಳುವೇ ಇಲ್ಲದ ಕೆರೆಗೆ ಬೇರೆ ಕೆರೆಯಿಂದ ಕಲೆ ಬಿದ್ದ ಗಿಡಗಳನ್ನು ಹುಳು ಸಮೇತ ತಂದು ಬಿಡಬಹುದು, ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ಸಲಹೆಯೂ ಸಿಗುತ್ತದೆ. ಆಮೇಲೆ ಉಳಿಯುವುದು ಬೀಜದ ಕೆಲಸ. ಮುಂಗಾರಿನ ಮೊದಲ ನೀರು ನಿಂತ ಎರಡು ಮೂರು ವಾರಕ್ಕೆ ದಡದ ಕೆಸರಿನಲ್ಲಿ ಪುಟ್ಟ ಸಸಿಗಳು ಏಳುತ್ತವೆ, ಬೇರು ಇನ್ನೂ ಮಣ್ಣಿನಲ್ಲೇ ಇರುತ್ತದೆ, ಕೈಯಲ್ಲಿ ಎಳೆದರೆ ಬರುತ್ತವೆ. ನೀರು ಏರಿ ಅವು ಬಿಡಿಸಿಕೊಂಡು ತೇಲತೊಡಗಿದ ಮೇಲೆ ಹತ್ತು ದಿನದ ಲೆಕ್ಕ ಶುರುವಾಗುತ್ತದೆ. ಅಷ್ಟರೊಳಗೆ ಮೀನುಗಾರರ ಸಂಘದ ಇಬ್ಬರಿಗೆ ಕೂಲಿ ಕೊಟ್ಟು ತೆಪ್ಪದಲ್ಲಿ ದಡ ಸುತ್ತಿಸಿದರೆ, ಹಿಟಾಚಿಯ ಒಂದು ದಿನದ ಬಾಡಿಗೆಯೂ ಆಗುವುದಿಲ್ಲ. ಆದರೆ ಇದನ್ನು ಹದಿನೈದು ಮುಂಗಾರಾದರೂ ಬಿಡದೆ ಮಾಡಬೇಕು, ಕೆರೆ ಅಭಿವೃದ್ಧಿಯ ಟೆಂಡರುಗಳಲ್ಲಿ ಅಷ್ಟು ವರ್ಷದ ನಿರ್ವಹಣೆಗೆ ಹಣ ತೆಗೆದಿಡುವ ರೂಢಿ ನಮ್ಮಲ್ಲಿಲ್ಲ.